ಮರಿ ಮಾರುವವರೇ, ಮೊದಲ ದಿನದ ಲಸಿಕೆ ಎಲ್ಲಿ?

ನಾಟಿಕೋಳಿ ಮರಿಗಳನ್ನು ಗಾಡಿಯಲ್ಲಿ ತುಂಬಿಕೊಂಡು ಊರೂರಿಗೆ ತಂದು ಮಾರುವವರೇ, ಸಂಘಗಳಿಗೆ ಮರಿ ಹಂಚುವವರೇ, ಹಿತ್ತಲಲ್ಲಿ ಹತ್ತಿಪ್ಪತ್ತು ಕೋಳಿ ಕಟ್ಟಿಕೊಂಡು ಮಕ್ಕಳ ಫೀಜು, ಹಬ್ಬದ ಖರ್ಚು ಸರಿದೂಗಿಸುವ ಅಕ್ಕಂದಿರೇ, ಈ ಮಾತು ನಿಮಗೆಲ್ಲ ಸೇರಿದ್ದು. ನಮ್ಮ ಹಳ್ಳಿಗಳಲ್ಲಿ ಕೋಳಿ ಸತ್ತರೆ ಹೇಳುವ ಹೆಸರು ಒಂದೇ, ಕೊಕ್ಕರೆ ರೋಗ. ತೂಕಡಿಸಿ ಸತ್ತರೂ ಕೊಕ್ಕರೆ ರೋಗ, ಕುಂಟಿ ಸತ್ತರೂ ಕೊಕ್ಕರೆ ರೋಗ, ಕಣ್ಣು ಮುಚ್ಚಿ ಹಸಿದು ಸತ್ತರೂ ಅದೇ. ಹಾಗೆ ಹೇಳಿ, ಸತ್ತದ್ದನ್ನು ಕೆರೆಯ ಅಂಗಳಕ್ಕೆ ಎಸೆದು, ಇನ್ನೂ ಉಸಿರಾಡುತ್ತಿರುವುದನ್ನು ಸಂತೆಗೆ ಸಾಗಿಸಿ ಕೈ ತೊಳೆದುಕೊಳ್ಳುತ್ತೇವೆ. ರಾಣಿಖೇತ್ ಎಂಬ ಆ ಕೊಕ್ಕರೆ ರೋಗ ನಿಜವಾಗಿಯೂ ದೊಡ್ಡ ಮಾರಿಯೇ. ಆದರೆ ಅದರ ಹೆಸರಿನ ಮರೆಯಲ್ಲಿ ಇನ್ನೆರಡು ರೋಗಗಳು ವರ್ಷ ವರ್ಷವೂ ನಮ್ಮ ಹಿತ್ತಲುಗಳನ್ನು ಖಾಲಿ ಮಾಡುತ್ತಿವೆ. ಒಂದು ಕೋಳಿ ಸಿಡುಬು, ಇನ್ನೊಂದು ಮಾರೆಕ್ಸ್ ರೋಗ. ಮೊದಲನೆಯದು ಬಂದ ಕೋಳಿಗಳಲ್ಲಿ ಬಹಳಷ್ಟನ್ನು ನಾವು ಬದುಕಿಸಿಕೊಳ್ಳಬಹುದು, ಆದರೂ ಸಾಯಲು ಬಿಡುತ್ತಿದ್ದೇವೆ. ಎರಡನೆಯದು ಬಂದ ಮೇಲೆ ಯಾವ ಔಷಧವೂ ನಾಟುವುದಿಲ್ಲ, ಆದರೂ ಮಾತ್ರೆಗೆ ದುಡ್ಡು ಸುರಿಯುತ್ತಿದ್ದೇವೆ. ಅದನ್ನು ತಡೆಯಬಹುದಾಗಿದ್ದ ಒಂದೇ ದಿನ, ಮರಿ ಮೊಟ್ಟೆಯೊಡೆದು ಬಂದ ದಿನ, ಯಾರ ಲೆಕ್ಕಕ್ಕೂ ಸಿಗದೆ ಕಳೆದುಹೋಗಿರುತ್ತದೆ.

ಶಿರಾ ಸೀಮೆಯ ಒಂದು ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ. ಈ ಎರಡೂ ರೋಗ ಒಂದೇ ಹಿಂಡಿಗೆ ಬಂದು, ಒಂದನ್ನು ಇನ್ನೊಂದೆಂದು ತಿಳಿದು ನಷ್ಟವಾದ ಮನೆ ಅದು. ಮನೆಯ ಒಡತಿ ಆಷಾಢದಲ್ಲಿ, ಬಾಗಿಲಿಗೆ ಬಂದ ಗಾಡಿಯಿಂದ ತಿಂಗಳ ಮರಿಗಳನ್ನು ಮೂವತ್ತು ಕೊಂಡರು. 'ಲಸಿಕೆ ಆಗಿದೆಯಾ?' ಎಂದು ಕೇಳಿಯೇ ಕೊಂಡರು. 'ಎಲ್ಲಾ ಆಗಿದೆ ಅಕ್ಕ' ಎಂದ ಮಾರುವವ. ಎರಡು ಮರಿ ಹದ್ದಿನ ಪಾಲಾದವು, ಇಪ್ಪತ್ತೆಂಟು ಚೆನ್ನಾಗಿ ಬೆಳೆದವು. ಭಾದ್ರಪದದ ಜಡಿಮಳೆ ಹಿಡಿದು, ಹಿತ್ತಲಲ್ಲಿ ನೀರು ನಿಂತು, ಸೊಳ್ಳೆ ಮುತ್ತಿಕೊಂಡ ದಿನಗಳಲ್ಲಿ ಒಂದು ಹುಂಜದ ಜುಟ್ಟಿನ ಮೇಲೆ ಬೂದು ಬಣ್ಣದ ಸಣ್ಣ ಗುಳ್ಳೆಗಳು ಎದ್ದವು. ವಾರದಲ್ಲಿ ಅವು ಒಂದಕ್ಕೊಂದು ಕೂಡಿ, ಒಣಗಿ, ಕಪ್ಪು ಹಕ್ಕಳೆಯಾದವು. ಅಷ್ಟರಲ್ಲಿ ಇನ್ನೂ ಮೂರಕ್ಕೆ ಬಂದಿತ್ತು. ತಿಂಗಳು ಕಳೆಯುವಷ್ಟರಲ್ಲಿ ಹನ್ನೊಂದಕ್ಕೆ ಬಂತು. ಅಮ್ಮ ಆಗಿದೆ ಎಂದು ಬೇವಿನ ಸೊಪ್ಪು ಕಟ್ಟಿದರು, ಔಷಧದ ಅಂಗಡಿಯವರು ಕೊಟ್ಟ ಯಾವುದೋ ಕ್ಯಾಪ್ಸೂಲನ್ನು ನೀರಿಗೆ ಬೆರೆಸಿಟ್ಟರು. ಐದು ಕೋಳಿಗಳ ಎರಡೂ ಕಣ್ಣು ಹಕ್ಕಳೆಗಟ್ಟಿ ಮುಚ್ಚಿಹೋಗಿದ್ದವು. ಅವು ಗೂಡಿನ ಮೂಲೆಯಲ್ಲಿ ನಿಂತಲ್ಲೇ ನಿಂತು ಒಂದೊಂದಾಗಿ ಸತ್ತವು. ಬಾಯಿ ತೆರೆದು ಗೊರಗೊರ ಎನ್ನುತ್ತಿದ್ದ ಇನ್ನೊಂದು ಒಂದು ರಾತ್ರಿ ಉಸಿರುಕಟ್ಟಿ ಸತ್ತಿತು.

ಉಳಿದವು ವಾಸಿಯಾದವು. ಹಕ್ಕಳೆ ಉದುರಿ ಜುಟ್ಟು ಮತ್ತೆ ಕೆಂಪಾಯಿತು. ದೀಪಾವಳಿಯ ಹೊತ್ತಿಗೆ ಹ್ಯಾಟೆಗಳು ಮೊಟ್ಟೆಯಿಡುವ ಜಾಗ ಹುಡುಕತೊಡಗಿದ್ದವು. ಆಗ ಒಂದು ಹ್ಯಾಟೆ ಕುಂಟಿತು. ಎರಡು ದಿನಕ್ಕೆ ಅದು ಒಂದು ಕಾಲನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಚಾಚಿ ಮಲಗಿಬಿಟ್ಟಿತು. ಕಣ್ಣು ಚುರುಕಾಗಿತ್ತು, ಕೈಯಲ್ಲಿ ಕಾಳು ಹಿಡಿದರೆ ತಿನ್ನುತ್ತಿತ್ತು, ಏಳಲು ಮಾತ್ರ ಆಗುತ್ತಿರಲಿಲ್ಲ. ಆಮೇಲೆ ಇನ್ನೊಂದು, ವಾರ ಬಿಟ್ಟು ಮತ್ತೆರಡು. 'ಸಾರ್, ಅಮ್ಮ ಕಾಲಿಗೆ ಇಳಿದಾಳೆ' ಎಂದರು ಆ ತಾಯಿ. ಒಟ್ಟು ಏಳು ಹೋದವು. ಐದು ತಿಂಗಳು ರಾಗಿ, ನುಚ್ಚು, ಜೋಳ ತಿಂದು ಬೆಳೆದು, ಇನ್ನೇನು ಮೊಟ್ಟೆ ಕೊಡಬೇಕು ಎನ್ನುವಾಗ ಹೋದವು. ಮೂವತ್ತರಲ್ಲಿ ಉಳಿದದ್ದು ಹದಿನೈದು.

ಅಮ್ಮ ಕಾಲಿಗೆ ಇಳಿದಿರಲಿಲ್ಲ. ಸಿಡುಬು ಕಾಲಿನ ನರಕ್ಕೆ ಇಳಿಯುವ ರೋಗವೇ ಅಲ್ಲ. ಕಾಲು ಬಿದ್ದದ್ದು ಮಾರೆಕ್ಸ್ ರೋಗದಿಂದ. ಅದರ ವೈರಸ್ಸು ಆ ಮರಿಗಳ ಮೈಯೊಳಗೆ ಹೊಕ್ಕದ್ದು ದೀಪಾವಳಿಯಲ್ಲಲ್ಲ. ಬಹುಮಟ್ಟಿಗೆ ಅವು ಬೆರಳುದ್ದ ಇದ್ದಾಗಲೇ, ಆ ತಾಯಿಯ ಅಂಗಳಕ್ಕೆ ಬರುವ ಮೊದಲೇ, ಮರಿ ಸಾಕಿದ ಶೆಡ್ಡಿನ ಧೂಳಿನಲ್ಲೇ ಅದು ಸೇರಿರುತ್ತದೆ.

ಇದನ್ನು ತುಸು ಬಿಡಿಸಿ ಹೇಳಬೇಕು. 1907ರಲ್ಲಿ ಹಂಗೆರಿಯ ಪಶುವೈದ್ಯ ಯೋಜೆಫ್ ಮಾರೆಕ್, ಕಾಲು ರೆಕ್ಕೆ ಬಿದ್ದುಹೋದ ನಾಲ್ಕು ಹುಂಜಗಳನ್ನು ಪರೀಕ್ಷಿಸಿ ಈ ರೋಗವನ್ನು ಮೊದಲು ವಿವರಿಸಿದರು. ಕಾರಣ ಹರ್ಪಿಸ್ ಗುಂಪಿನ ಒಂದು ವೈರಸ್ಸು ಎಂದು ಗೊತ್ತಾದದ್ದು 1960ರ ದಶಕದಲ್ಲಿ. ಈ ವೈರಸ್ಸು ಬಲಿಯುವುದು ಕೋಳಿಯ ಪುಕ್ಕದ ಬುಡದಲ್ಲಿ. ಅಲ್ಲಿಂದ ಹೊಟ್ಟಿನ ಹಾಗೆ ಉದುರುವ ಚರ್ಮದ ಧೂಳಿನ ಜೊತೆ ಹೊರಬಂದು ಗಾಳಿಯಲ್ಲಿ ತೇಲುತ್ತದೆ, ಗೂಡಿನ ತೊಲೆಯ ಮೇಲೆ, ಹಳೆಯ ಮಂಕರಿಯ ಸಂದಿನಲ್ಲಿ, ನೆಲದ ಹಾಸಿನಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಮರಿ ಅದನ್ನು ಉಸಿರಾಡಿದರೆ ಸಾಕು. ಮೊಟ್ಟೆಯ ಮೂಲಕ ಇದು ಬರುವುದಿಲ್ಲ. ಮರಿ ಮೊಟ್ಟೆಯಿಂದ ಶುದ್ಧವಾಗಿಯೇ ಬರುತ್ತದೆ, ಕೊಳೆ ಅಂಟುವುದು ನಾವು ಇಡುವ ಜಾಗದಲ್ಲಿ. ಒಮ್ಮೆ ಒಳಹೊಕ್ಕ ವೈರಸ್ಸು ಆ ಕೋಳಿಯನ್ನು ಜೀವಮಾನ ಪೂರ್ತಿ ಬಿಡುವುದಿಲ್ಲ. ವಾರಗಳ ಕಾಲ ಸುಳಿವೇ ಕೊಡದೆ ಇದ್ದು, ಹೆಚ್ಚಾಗಿ ಮೂರರಿಂದ ಆರು ತಿಂಗಳ ಪ್ರಾಯದಲ್ಲಿ ರಕ್ತದ ಬಿಳಿಕಣಗಳನ್ನು ಕೆರಳಿಸಿ ಗಡ್ಡೆಯಾಗಿಸುತ್ತದೆ. ಆ ಕಣಗಳು ನರದೊಳಗೆ ತುಂಬಿದರೆ ಕಾಲು, ರೆಕ್ಕೆ ಬೀಳುತ್ತವೆ. ಲಿವರಿನಲ್ಲಿ, ಗುಲ್ಮದಲ್ಲಿ, ಮೊಟ್ಟೆಗೂಡಿನಲ್ಲಿ ತುಂಬಿದರೆ ಕೋಳಿ ತಿನ್ನುತ್ತಲೇ ಸೊರಗಿ, ಎದೆಯ ಮೂಳೆ ಕತ್ತಿಯಂತೆ ಎದ್ದು ಸಾಯುತ್ತದೆ. ಇದೊಂದು ಬಗೆಯ ಕ್ಯಾನ್ಸರು. ಅಂಗಡಿಯ ಯಾವ ಆ್ಯಂಟಿಬಯಾಟಿಕ್ಕಿಗೂ ಇಲ್ಲಿ ಕೆಲಸವಿಲ್ಲ.

ಹಾಗಾದರೆ ಕೈಯಲ್ಲಿರುವ ಕೋಳಿಗೆ ಬಂದಿರುವುದು ಯಾವುದು ಎಂದು ತಿಳಿಯುವುದು ಹೇಗೆ? ಪುಸ್ತಕದ ಲಕ್ಷಣಗಳ ಪಟ್ಟಿ ಬೇಡ. ಎರಡೂ ರೋಗ ಕಣ್ಣಿಗೆ ಬರುತ್ತವೆ, ಎರಡೂ ಚರ್ಮದ ಮೇಲೆ ಗಂಟು ಎಬ್ಬಿಸುತ್ತವೆ, ಎರಡರಲ್ಲೂ ಕೋಳಿ ಬಡಕಲಾಗುತ್ತದೆ. ಗೊಂದಲ ಹುಟ್ಟುವುದೇ ಈ ಮೂರು ಕಡೆ, ಆದ್ದರಿಂದ ಅಲ್ಲೇ ನೋಡಬೇಕು. ಕೋಳಿಯನ್ನು ತೊಡೆಯ ಮೇಲಿಟ್ಟುಕೊಂಡು ಹಗಲು ಬೆಳಕಿಗೆ ತಿರುಗಿಸಿ.

ಮೊದಲು ಕಣ್ಣು. ಸಿಡುಬು ಹಿಡಿಯುವುದು ರೆಪ್ಪೆಯನ್ನು. ರೆಪ್ಪೆ ಊದಿ, ಗುಳ್ಳೆಯೆದ್ದು, ಹಕ್ಕಳೆಗಟ್ಟಿ ಅಂಟಿಕೊಂಡಿರುತ್ತದೆ. ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಹತ್ತಿ ಅದ್ದಿ ಮೆಲ್ಲಗೆ ನೆನೆಸಿ ಬಿಡಿಸಿದರೆ ಒಳಗಿನ ಗುಡ್ಡೆ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಮಾರೆಕ್ಸ್ ಕಣ್ಣಿಗೆ ಬಂದರೆ ರೆಪ್ಪೆ ಸ್ವಚ್ಛವಾಗಿರುತ್ತದೆ, ಕೆಡುವುದು ಒಳಗೆ. ಕಿತ್ತಳೆಯೋ ಕಂದೋ ಇರಬೇಕಾದ ಪಾಪೆಯ ಸುತ್ತಿನ ಬಣ್ಣ ಬೂದಿಗೆ ತಿರುಗಿರುತ್ತದೆ, ದುಂಡಗಿರಬೇಕಾದ ಪಾಪೆ ಅಂಚು ಹರಿದಂತೆ ಸೊಟ್ಟಗಾಗಿರುತ್ತದೆ. ಕೈಯಿಂದ ನೆರಳು ಮಾಡಿ ತೆಗೆದರೂ ಅದು ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ.

ಆಮೇಲೆ ಚರ್ಮ. ಸಿಡುಬಿನ ಹಕ್ಕಳೆ ಹೆಚ್ಚಾಗಿ ಕೂರುವುದು ಪುಕ್ಕವಿಲ್ಲದ ಕಡೆ, ಅಂದರೆ ಜುಟ್ಟು, ಗಲ್ಲದ ಜೋಲು, ಕೊಕ್ಕಿನ ಮೂಲೆ, ಕೆಲವೊಮ್ಮೆ ಕಾಲು. ಮುಟ್ಟಿದರೆ ಒರಟು, ಕಿತ್ತರೆ ರಕ್ತ. ಮಾರೆಕ್ಸಿನ ಗಂಟು ಪುಕ್ಕವಿರುವ ಕಡೆ, ಪುಕ್ಕದ ಬುಡದಲ್ಲೇ ಏಳುತ್ತದೆ. ತೊಡೆ, ಬೆನ್ನು, ಕತ್ತಿನ ಪುಕ್ಕ ಸರಿಸಿ ಸವರಿದರೆ ಸಿಗುತ್ತದೆ. ಅನೇಕ ಸಲ ಪುಕ್ಕ ತರಿದ ಮೇಲೆಯೇ ಕಣ್ಣಿಗೆ ಬೀಳುವುದು.

ಮೂರನೆಯದು ಬಾಯಿ. ಬಡಕಲಾದ ಕೋಳಿಯ ಕೊಕ್ಕು ಬಿಡಿಸಿ ಗಂಟಲು ನೋಡಿ. ಅಲ್ಲಿ ಹಳದಿ ಮಿಶ್ರಿತ ಬಿಳಿ ಪೊರೆ ಗಿಣ್ಣಿನಂತೆ ಅಂಟಿಕೊಂಡಿದ್ದರೆ ಅದು ಬಾಯೊಳಗಿನ ಸಿಡುಬು ಇರಬಹುದು. ಹೊರಗೆ ಒಂದು ಗುಳ್ಳೆಯೂ ಇಲ್ಲದೆ ಇದು ಬರುವುದುಂಟು, ಅದಕ್ಕೇ ಜನ ಮೋಸ ಹೋಗುವುದು. ಬಾಯಿ ಶುಭ್ರವಾಗಿದ್ದು, ಕತ್ತಿನ ಬುಡದ ಮೇವುಚೀಲ ಮಾತ್ರ ಜೋತುಬಿದ್ದು, ತಿಂದದ್ದು ಕೆಳಗಿಳಿಯದೆ ನಿಂತಿದ್ದರೆ ಮಾರೆಕ್ಸ್ ಎಂದು ಅನುಮಾನಿಸಿ. ಮೇವನ್ನು ಕೆಳಗೆ ದೂಡುವ ನರವೇ ಅಲ್ಲಿ ಕೆಟ್ಟಿರುತ್ತದೆ.

ಹಾಗೆಂದು ಕಾಲು ಬಿದ್ದ ಕೋಳಿಯನ್ನೆಲ್ಲ ಮಾರೆಕ್ಸ್ ಎಂದು ಬರೆದುಹಾಕುವುದೂ ತಪ್ಪು. ಎರಡು ಮೂರು ವಾರದ ಮರಿ ಬೆರಳು ಒಳಕ್ಕೆ ಮಡಚಿ ಹಿಮ್ಮಡಿಯ ಮೇಲೆ ಕೂತರೆ ಅದು ಬಿ2 ವಿಟಮಿನ್ನಿನ ಕೊರತೆ ಇರಬಹುದು, ಬೇಗ ಕೊಟ್ಟರೆ ಎದ್ದು ಓಡಾಡುತ್ತದೆ. ಹಸಿರು ಭೇದಿ, ಕೆಮ್ಮು, ಕತ್ತು ತಿರುಚುವಿಕೆ ಎಲ್ಲ ಕೂಡಿ ನಾಲ್ಕಾರು ದಿನದಲ್ಲೇ ಹಿಂಡು ಉರುಳಿದರೆ ಅದು ನಿಜವಾದ ಕೊಕ್ಕರೆ ರೋಗ. ಮಾರೆಕ್ಸಾಗಲಿ ಸಿಡುಬಾಗಲಿ ಹಾಗೆ ಒಂದೇ ಏಟಿಗೆ ಹಿಂಡನ್ನು ಹೊಡೆಯುವುದಿಲ್ಲ, ವಾರಗಟ್ಟಲೆ ಒಂದೊಂದನ್ನೇ ಹಿಡಿಯುತ್ತಾ ಹೋಗುತ್ತವೆ.

ಖಚಿತ ಮಾಡಿಕೊಳ್ಳಲು ಸತ್ತ ಕೋಳಿಯನ್ನು ಪಶು ಆಸ್ಪತ್ರೆಗೆ ಒಯ್ಯಿರಿ, ಕೊಯ್ದು ತೋರಿಸಿ ಎಂದು ಕೇಳಿ. ನಾಚಿಕೊಳ್ಳಬೇಡಿ, ಹಸುವಿಗೆ ಇರುವಷ್ಟೇ ಹಕ್ಕು ಕೋಳಿಗೂ ಇದೆ. ನೋಡಬೇಕಾದ್ದು ತೊಡೆಯ ನರ. ಕೋಳಿಯನ್ನು ಅಂಗಾತ ಮಲಗಿಸಿ, ತೊಡೆಗೂ ಹೊಟ್ಟೆಗೂ ನಡುವಿನ ಚರ್ಮ ಸೀಳಿ, ಎರಡೂ ಕಾಲನ್ನು ಹೊರಕ್ಕೆ ಒತ್ತಿ ಕೀಲು ಕಳಚಬೇಕು. ತೊಡೆಯ ಒಳಮಗ್ಗುಲಿನ ಮಾಂಸದ ಎಸಳುಗಳನ್ನು ಬೆರಳಿನಿಂದ ಬಿಡಿಸಿದರೆ ಉದ್ದಕ್ಕೆ ಹೋಗುವ ಬಿಳಿಯ ನರ ಕಾಣುತ್ತದೆ. ಆರೋಗ್ಯದ ನರ ಮಿರುಗುವ ಬಿಳಿ, ಅದರ ಮೇಲೆ ಅಡ್ಡಡ್ಡ ಸಣ್ಣ ಗೆರೆಗಳಿರುತ್ತವೆ. ಮಾರೆಕ್ಸ್ ಹಿಡಿದ ನರ ಎರಡು ಮೂರು ಪಟ್ಟು ದಪ್ಪಗಾಗಿ, ಬೂದು ಹಳದಿಗೆ ತಿರುಗಿ, ಆ ಗೆರೆಗಳನ್ನು ಕಳೆದುಕೊಂಡಿರುತ್ತದೆ. ಹೆಚ್ಚಾಗಿ ಒಂದೇ ಕಡೆ ಊದಿರುವುದರಿಂದ ಎಡಬಲ ಎರಡನ್ನೂ ಬಿಡಿಸಿ ಪಕ್ಕಪಕ್ಕ ಹೋಲಿಸಬೇಕು. ಶಿರಾದ ಆ ಹ್ಯಾಟೆಯಲ್ಲಿ ಬಲಗಡೆಯದು ಹೊಲಿಗೆ ದಾರದಷ್ಟು ತೆಳ್ಳಗೆ, ಎಡಗಡೆಯದು ಚೀಲ ಹೊಲಿಯುವ ಹುರಿಯಷ್ಟು ದಪ್ಪ ಇತ್ತು. ಆ ತಾಯಿ ಬಗ್ಗಿ ನೋಡಿ, 'ಹಂಗಾರೆ ನಾನು ಕೊಟ್ಟ ಮಾತ್ರೆ ಎಲ್ಲಾ ದಂಡ' ಎಂದು ಸುಮ್ಮನಾದರು. ನರ ಸರಿಯಾಗಿದ್ದ ಮಾತ್ರಕ್ಕೆ ಮಾರೆಕ್ಸ್ ಅಲ್ಲ ಎಂದು ಹೇಳಲಾಗದು, ಗಡ್ಡೆ ಬರೀ ಲಿವರಿನಲ್ಲೋ ಗುಲ್ಮದಲ್ಲೋ ಇರಬಹುದು. ಅಂಥಾಗ ಪ್ರಯೋಗಾಲಯದ ಪರೀಕ್ಷೆಯೇ ಬೇಕು. ಒಂದು ಎಚ್ಚರವನ್ನೂ ಹೇಳಿಬಿಡುತ್ತೇನೆ: ಒಂದೆರಡು ದಿನದಲ್ಲಿ ಕೋಳಿಗಳು ಸಾಲಾಗಿ ಸತ್ತರೆ, ಜುಟ್ಟು ನೀಲಿಗಟ್ಟಿದ್ದರೆ, ನೀವು ಕೊಯ್ಯಲೂಬೇಡಿ, ಎತ್ತಿಕೊಂಡು ತಿರುಗಲೂಬೇಡಿ. ಅದು ಹಕ್ಕಿಜ್ವರವಿರಬಹುದು, ಪಶುವೈದ್ಯರನ್ನೇ ಕರೆಸಿ.

ಈಗ ಸಿಡುಬಿನ ವಿಚಾರ. ನನಗೆ ಅತಿ ಹೆಚ್ಚು ನೋವು ಕೊಡುವುದು ಈ ಸಾವುಗಳೇ. ಚರ್ಮದ ಸಿಡುಬು ಮೂರು ನಾಲ್ಕು ವಾರದಲ್ಲಿ ತಾನಾಗಿ ವಾಸಿಯಾಗುವ ರೋಗ. ಒಮ್ಮೆ ವಾಸಿಯಾದ ಕೋಳಿಗೆ ಅದು ಮತ್ತೆ ಬರುವುದು ತೀರಾ ಅಪರೂಪ. ಆ ಐದು ಕೋಳಿಗಳನ್ನು ಸಿಡುಬು ಕೊಂದದ್ದಲ್ಲ, ಹಸಿವು ಕೊಂದದ್ದು. ನೀರಿನ ಬಟ್ಟಲು ಒಂದು ಮೊಳ ದೂರದಲ್ಲಿತ್ತು, ಅವಕ್ಕೆ ಕಾಣುತ್ತಿರಲಿಲ್ಲ. ಔಷಧ ಬೆರೆಸಿದ ನೀರೂ ಅದೇ ಬಟ್ಟಲಲ್ಲೇ ಇತ್ತು. ದಿನಕ್ಕೆ ಎರಡು ಮೂರು ಸಲ ಕೊಕ್ಕನ್ನು ನೀರಿಗೆ ಮುಟ್ಟಿಸಿ, ನೆನೆಸಿದ ನುಚ್ಚನ್ನೋ ರಾಗಿಮುದ್ದೆಯ ಸಣ್ಣ ಉಂಡೆಯನ್ನೋ ಬಾಯಿಗಿಟ್ಟಿದ್ದರೆ ಹೆಚ್ಚಿನವು ಬದುಕುತ್ತಿದ್ದವು. ಬೆಳಗ್ಗೆ ಸಂಜೆ ಉಪ್ಪುನೀರಿನಲ್ಲಿ ಕಣ್ಣು ಒರೆಸಿದರೆ ಕೆಲವು ದಿನದಲ್ಲೇ ಕಣ್ಣು ಬಿಡುತ್ತವೆ. ಹಕ್ಕಳೆಯನ್ನು ಎಂದೂ ಕೀಳಬೇಡಿ. ಕಿತ್ತರೆ ಗಾಯ ದೊಡ್ಡದಾಗುತ್ತದೆ, ಕಿತ್ತ ಹಕ್ಕಳೆಯಲ್ಲಿ ವೈರಸ್ಸು ತಿಂಗಳುಗಟ್ಟಲೆ ಉಳಿದು ನೆಲದಿಂದಲೇ ಮುಂದಿನ ಮರಿಗಳಿಗೆ ಹತ್ತುತ್ತದೆ. ನೀರು ಬೆರೆಸಿ ತೆಳುಮಾಡಿದ ಪೊವಿಡೋನ್ ಅಯೋಡಿನ್ ಹಚ್ಚಿದರೆ ಹುಣ್ಣು ಕೀವಾಗುವುದು ತಪ್ಪುತ್ತದೆ. ಅರಿಶಿನ ಕಲಸಿದ ಬೇವಿನೆಣ್ಣೆ ಹಚ್ಚುವವರಿದ್ದಾರೆ, ನೊಣ ದೂರವಿಡಲು ಅದೂ ಆಗಬಹುದು, ಕಣ್ಣಿಗೆ ತಾಗಬಾರದು ಅಷ್ಟೆ. ಇವೆರಡೂ ಮೈಯೊಳಗಿನ ವೈರಸ್ಸನ್ನು ಕೊಲ್ಲುವುದಿಲ್ಲ ಎಂಬುದು ನೆನಪಿರಲಿ. ಗಂಟಲಲ್ಲಿ ಪೊರೆ ಕಟ್ಟಿ ಗೊರಗುಡುವ ಕೋಳಿ ಮಾತ್ರ ನಿಮ್ಮ ಕೈಮದ್ದಿಗೆ ಬಗ್ಗುವುದಿಲ್ಲ. ಎಳೆದರೆ ರಕ್ತ ಸುರಿದು ಉಸಿರುನಾಳಕ್ಕೆ ಇಳಿಯುತ್ತದೆ, ಅದನ್ನು ವೈದ್ಯರ ಬಳಿಗೇ ಒಯ್ಯಬೇಕು.

ಸಿಡುಬು ಹರಡುವುದು ಸೊಳ್ಳೆಯಿಂದ, ಕಚ್ಚಾಡಿದ ಗಾಯದಿಂದ. ರೋಗ ಬಂದ ಕೋಳಿಯ ರಕ್ತ ಕುಡಿದ ಸೊಳ್ಳೆ ವಾರಗಳ ಕಾಲ ಅದನ್ನು ಹೊತ್ತು ತಿರುಗಬಲ್ಲದು. ರೋಗದ ಕೋಳಿಯನ್ನು ಬೇರೆ ಮಂಕರಿಯಲ್ಲಿಟ್ಟು ಅದರ ಮೇಲೆ ಹಳೆಯ ಸೊಳ್ಳೆಪರದೆ ಹೊದಿಸಿ. ನಿಂತ ನೀರು ಚೆಲ್ಲಿ. ಇದು ಎಲ್ಲರಿಂದಲೂ ಆಗುವ ಕೆಲಸ. ನಿಜವಾದ ರಕ್ಷಣೆ ಆರರಿಂದ ಎಂಟನೆಯ ವಾರದಲ್ಲಿ, ಆದಷ್ಟೂ ಸೊಳ್ಳೆಗಾಲ ಶುರುವಾಗುವ ಮುಂಚೆ ಹಾಕಿಸುವ ಸಿಡುಬಿನ ಲಸಿಕೆ. ಶಿರಾದ ಆ ಮರಿಗಳು ಆರು ವಾರ ತುಂಬಿದ್ದು ಆಷಾಢದಲ್ಲೇ. ಆಗ ಹಾಕಿಸಿದ್ದರೆ ಭಾದ್ರಪದಕ್ಕೆ ಅವು ಗಟ್ಟಿಯಾಗಿರುತ್ತಿದ್ದವು, ಏಕೆಂದರೆ ಹಾಕಿದ ಎರಡು ಮೂರು ವಾರಕ್ಕೆ ಶಕ್ತಿ ಬಂದುಬಿಡುತ್ತದೆ. ರೆಕ್ಕೆ ಬಿಡಿಸಿ, ಮೂಳೆಯಿಲ್ಲದ ತೆಳ್ಳನೆಯ ಚರ್ಮದಲ್ಲಿ, ರಕ್ತನಾಳ ತಪ್ಪಿಸಿ, ಎರಡು ಮೊನೆಯ ಸೂಜಿಯನ್ನು ಲಸಿಕೆಗೆ ಅದ್ದಿ ಒಮ್ಮೆ ಚುಚ್ಚುವುದು ಕ್ರಮ. ಸೂಜಿ ಪುಕ್ಕಕ್ಕೆ ಒರೆಸಿಹೋದರೆ ಲಸಿಕೆ ಅಲ್ಲೇ ಉಳಿದುಬಿಡುತ್ತದೆ. ಬಾಟಲಿ ಐಸಿನ ಮೇಲಿರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು.

ಇಲ್ಲಿ ಜನ ಬಿಟ್ಟುಬಿಡುವ ಒಂದು ಹೆಜ್ಜೆಯಿದೆ. ಹಾಕಿದ ಏಳರಿಂದ ಹತ್ತನೆಯ ದಿನ ಕೆಲವು ಕೋಳಿಗಳನ್ನು ಹಿಡಿದು ಚುಚ್ಚಿದ ಜಾಗ ನೋಡಿ. ಅಲ್ಲಿ ಸಣ್ಣ ಊತವೋ ಹಕ್ಕಳೆಯೋ ಇರಬೇಕು, ಇದ್ದರೆ ಲಸಿಕೆ ಹಿಡಿದಿದೆ ಎಂದರ್ಥ. ಯಾವುದರಲ್ಲೂ ಏನೂ ಇಲ್ಲದಿದ್ದರೆ ಒಂದೋ ಅವಕ್ಕೆ ಮೊದಲೇ ಸಿಡುಬಾಗಿ ಶಕ್ತಿ ಬಂದಿದೆ, ಇಲ್ಲವೇ ಬಿಸಿಲಿಗೆ ಲಸಿಕೆ ಸತ್ತಿದೆ. ಎರಡನೆಯದಾಗಿದ್ದರೆ ಹೊಸ ಬಾಟಲಿ ತರಿಸಿ ಮತ್ತೆ ಹಾಕಿಸಲೇಬೇಕು. ಹಿಂಡಿನಲ್ಲಿ ಆಗಲೇ ಒಂದೆರಡಕ್ಕೆ ಸಿಡುಬು ಬಂದಿದ್ದರೂ ಕೈಚೆಲ್ಲಬೇಡಿ. ಇದು ನಿಧಾನಕ್ಕೆ ಹರಡುವ ರೋಗ, ಉಳಿದ ಆರೋಗ್ಯದ ಕೋಳಿಗಳಿಗೆ ಅದೇ ದಿನ ಲಸಿಕೆ ಹಾಕಿದರೆ ಬಹಳಷ್ಟು ಉಳಿಯುತ್ತವೆ. ಜುಟ್ಟಿನ ಮೇಲೆ ಮೊದಲ ಗುಳ್ಳೆ ಕಂಡ ದಿನವೇ ಆ ತಾಯಿಗೆ ಇದನ್ನು ಯಾರಾದರೂ ಹೇಳಿದ್ದರೆ!

ಮಾರೆಕ್ಸಿಗೆ ಬಂದರೆ, ಇಲ್ಲಿ ಆರೈಕೆಯ ಮಾತೇ ಇಲ್ಲ, ಇರುವುದು ಹೊಣೆಯ ಮಾತು. ಈ ರೋಗಕ್ಕೆ ಲಸಿಕೆ ಬಳಕೆಗೆ ಬಂದು ಐವತ್ತು ವರ್ಷ ದಾಟಿದೆ. ಟರ್ಕಿ ಕೋಳಿಯ ನಿರುಪದ್ರವಿ ವೈರಸ್ಸಿನಿಂದ ಮಾಡಿದ ಆ ಲಸಿಕೆ, ಕ್ಯಾನ್ಸರನ್ನು ತಡೆದ ಮೊದಲ ಲಸಿಕೆಗಳಲ್ಲೊಂದು. ದೊಡ್ಡ ಫಾರಂಗಳಲ್ಲಿ ಮೊಟ್ಟೆಕೋಳಿಯ ಮರಿ ಇದಿಲ್ಲದೆ ಹ್ಯಾಚರಿಯ ಬಾಗಿಲು ದಾಟುವುದಿಲ್ಲ. ಹುಟ್ಟಿದ ದಿನವೇ ಕತ್ತಿನ ಹಿಂಭಾಗದ ಚರ್ಮ ಎತ್ತಿ 0.2 ಮಿ.ಲೀ. ಚುಚ್ಚಿಬಿಡುತ್ತಾರೆ. ಫಾರಂ ಕೋಳಿಗೆ ಸಲ್ಲುವ ಈ ಒಂದು ಹನಿ ಬಡವರ ಮನೆಯ ನಾಟಿ ಮರಿಗೆ ಏಕೆ ಸಲ್ಲುತ್ತಿಲ್ಲ? ಮರಿ ಮಾರುವವರೇ, 'ಎಲ್ಲಾ ಆಗಿದೆ ಅಕ್ಕ' ಎಂದಿರಲ್ಲ, ನೀವು ಹಾಕಿದ್ದು ಕಣ್ಣಿಗೆ ಬಿಡುವ ಕೊಕ್ಕರೆ ರೋಗದ ಹನಿ ಮಾತ್ರ ತಾನೆ? ಮಾರೆಕ್ಸ್ ಲಸಿಕೆಯನ್ನು ಹುಟ್ಟಿದ ದಿನ ಬಿಟ್ಟರೆ ಆಮೇಲೆ ಹಾಕಿ ಪ್ರಯೋಜನವಿಲ್ಲದಷ್ಟು ತಡವಾಗುತ್ತದೆ, ಏಕೆಂದರೆ ಧೂಳು ಯಾರನ್ನೂ ಕಾಯುವುದಿಲ್ಲ. ತಿಂಗಳ ಮರಿ ಕೊಂಡ ತಾಯಿ ಎಷ್ಟೇ ಬುದ್ಧಿವಂತಳಾದರೂ, ಎಷ್ಟೇ ಖರ್ಚು ಮಾಡಿದರೂ ಆ ದಿನವನ್ನು ಮರಳಿ ತರಲಾರಳು. ಅದು ಇದ್ದದ್ದು ನಿಮ್ಮ ಕೈಯಲ್ಲಿ. ನಿಮ್ಮ ಗಾಡಿಯ ಲಾಭದ ಲೆಕ್ಕ ಒಂದೇ ದಿನದಲ್ಲಿ ಮುಗಿಯುತ್ತದೆ, ಅವಳ ನಷ್ಟ ಗೊತ್ತಾಗುವುದು ನಾಲ್ಕೈದು ತಿಂಗಳ ಮೇಲೆ. ಆಗ ನಿಮ್ಮನ್ನು ಕೇಳುವವರು ಯಾರೂ ಇರುವುದಿಲ್ಲವೆಂಬ ಧೈರ್ಯದ ಮೇಲೆ ವ್ಯಾಪಾರ ಮಾಡಬೇಡಿ.

ಲಸಿಕೆಯ ಮಿತಿಯನ್ನೂ ಮುಚ್ಚಿಡಬಾರದು. ಅದು ಗಡ್ಡೆಯನ್ನು, ಕಾಲು ಬೀಳುವುದನ್ನು ತಡೆಯುತ್ತದೆಯೇ ಹೊರತು ವೈರಸ್ಸು ಮೈಗೆ ಹೊಗುವುದನ್ನಲ್ಲ. ಲಸಿಕೆಯಾದ ಕೋಳಿ ತಾನು ಆರೋಗ್ಯವಾಗಿದ್ದೇ ಪುಕ್ಕದ ಧೂಳಿನಲ್ಲಿ ವೈರಸ್ಸನ್ನು ಉದುರಿಸಬಲ್ಲದು. ಆದ್ದರಿಂದ ಫಾರಮ್ಮಿನಿಂದ ತಂದ ಬೆಳೆದ ಕೋಳಿಯನ್ನು ಲಸಿಕೆಯಿಲ್ಲದ ಮನೆಯ ಮರಿಗಳ ಜೊತೆ ಬಿಡಬೇಡಿ. ಲಸಿಕೆ ಹಾಕಿದ ಮರಿಗೂ ಶಕ್ತಿ ಕೂಡಲು ಒಂದೆರಡು ವಾರ ಬೇಕು. ಆ ದಿನಗಳನ್ನು ಅದು ಹಳೆಯ ಕೋಳಿಗಳಿಂದ ದೂರ, ಹೊಸ ಹೊಟ್ಟು ಹಾಸಿದ ಶುಚಿಯಾದ ಜಾಗದಲ್ಲಿ ಕಳೆಯಬೇಕು. ಹಳೆಯ ಹಾಸನ್ನು ಸುಟ್ಟು, ತೊಲೆ ಗೋಡೆಗಳ ಧೂಳು ನೀರು ಚಿಮುಕಿಸಿ ತೆಗೆದು, ಸುಣ್ಣ ಬಳಿದು, ಕೆಲವು ವಾರ ಖಾಲಿ ಬಿಟ್ಟ ಮೇಲೆಯೇ ಮುಂದಿನ ಮರಿಗಳನ್ನು ಬಿಡಿ. ಒಣಗುಡಿಸಿದರೆ ಧೂಳೆದ್ದು ವೈರಸ್ಸು ಇನ್ನಷ್ಟು ಹರಡುತ್ತದೆ.

ಮನೆಯಲ್ಲೇ ಕಾವು ಕೂರಿಸುವ ಅಕ್ಕಂದಿರ ಕಷ್ಟ ನನಗೆ ಗೊತ್ತು. ಲಸಿಕೆಯ ಒಂದು ಬಾಟಲಿ ನೂರಾರು ಮರಿಗಳಿಗೆ ಆಗುವಂಥದ್ದು, ಕಲಸಿದ ಮೇಲೆ ಇಟ್ಟುಕೊಳ್ಳಲು ಬಾರದು. ಹತ್ತು ಮರಿಗಾಗಿ ಯಾರು ಒಡೆಯುತ್ತಾರೆ? ಇದಕ್ಕೆ ದಾರಿ ಇರುವುದು ಕೂಡಿ ಮಾಡುವುದರಲ್ಲಿ. ಮೊಟ್ಟೆಯನ್ನು ತಂಪು ಜಾಗದಲ್ಲಿ ಒಂದು ವಾರದವರೆಗೆ ಇಟ್ಟು ಕಾವಿಗೆ ಕೂರಿಸಬಹುದು. ಊರಿನಲ್ಲಿ ಕಾವಿಗೆ ಬಂದ ಕೋಳಿಗಳನ್ನೆಲ್ಲ ಸಂಘದವರು ಮಾತಾಡಿಕೊಂಡು ಒಂದೇ ಸಂಜೆ ಕೂರಿಸಿದರೆ ಇಪ್ಪತ್ತೊಂದನೆಯ ದಿನ ಎಲ್ಲ ಮನೆಯಲ್ಲೂ ಮರಿ. ಆ ದಿನಕ್ಕೆ ಮೊದಲೇ ಆಸ್ಪತ್ರೆಗೆ ತಿಳಿಸಿ ಲಸಿಕೆ ತರಿಸಿಟ್ಟರೆ, ಒಂದೇ ಬಾಟಲಿಯಲ್ಲಿ ಓಣಿಯ ಮರಿಗಳೆಲ್ಲ ಮುಗಿಯುತ್ತವೆ. ಸಿಡುಬಿನ ಲಸಿಕೆಗೂ ಆರು ವಾರದ ಮೇಲೆ ಅದೇ ಪಟ್ಟಿ ಒದಗುತ್ತದೆ. ಇನ್ನೂ ಒಂದು ಮಾತು: ಮಾರೆಕ್ಸ್ ಬಂದು ಹೋದ ಮನೆಯಲ್ಲಿ ತಳಿಗೆ ಮೊಟ್ಟೆ ಆರಿಸುವಾಗ ಹೊಸ ಹ್ಯಾಟೆಯದನ್ನು ಬಿಟ್ಟು, ಆ ಹೊಡೆತವನ್ನು ತಡೆದುಕೊಂಡು ಎರಡು ವರ್ಷ ಬಾಳಿದ ಕೋಳಿಯದನ್ನು ಆರಿಸಿ. ಈ ರೋಗವನ್ನು ತಾಳುವ ಗುಣ ವಂಶದಲ್ಲಿ ಬರುತ್ತದೆ. ಆದರೆ ಆ ಕೋಳಿಯ ಪುಕ್ಕದಲ್ಲಿ ವೈರಸ್ಸೂ ಇರುವುದರಿಂದ ಅದರ ಮೊಟ್ಟೆಯನ್ನು ಬೇರೆ ಶುದ್ಧವಾದ ಕಡೆ, ಸಾಧ್ಯವಾದರೆ ಇನ್‌ಕ್ಯುಬೇಟರಿನಲ್ಲಿ, ಮರಿ ಮಾಡಿಸುವುದು ಲೇಸು.

ಕಾಲು ಬಿದ್ದ ಕೋಳಿಯನ್ನು ದಯವಿಟ್ಟು ಸಂತೆಗೆ ಒಯ್ಯಬೇಡಿ. ಈ ಎರಡು ರೋಗವೂ ಮನುಷ್ಯರಿಗೆ ತಗಲುವುದಿಲ್ಲ, ನಿಜ. ಆದರೆ ಆ ಕೋಳಿಯ ಪುಕ್ಕದ ಧೂಳು ಸಂತೆಯ ಪಂಜರದಲ್ಲಿ ಉಳಿದು, ಅದೇ ಪಂಜರದಲ್ಲಿ ಕೂತ ಮರಿಯ ಜೊತೆ ಇನ್ನೊಬ್ಬ ಬಡವಳ ಮನೆಗೆ ಹೋಗುತ್ತದೆ. ಏಳಲಾರದೆ ಬಿದ್ದ ಕೋಳಿಯನ್ನು ನರಳಿಸದೆ ಮುಗಿಸಿ, ಸತ್ತವನ್ನು ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚಿ.

ಮರಿ ಹಂಚುವ ಸಂಘ, ಸಂಸ್ಥೆ, ಪಂಚಾಯಿತಿಯವರಲ್ಲಿ ನಾನು ಬೇಡುವುದು ಇಷ್ಟು. ಮುಂದಿನ ಸಲ ಮರಿ ಕೊಳ್ಳುವ ಕರಾರಿನಲ್ಲಿ ಎರಡು ಸಾಲು ಸೇರಿಸಿ. ಪ್ರತಿ ಮರಿಗೂ ಹುಟ್ಟಿದ ದಿನ ಮಾರೆಕ್ಸ್ ಲಸಿಕೆ ಹಾಕಿದ ದಿನಾಂಕ ಮತ್ತು ಬಾಟಲಿಯ ಬ್ಯಾಚ್ ನಂಬರನ್ನು ಮಾರುವವರು ಬರೆದುಕೊಡಬೇಕು, ಅದಿಲ್ಲದ ಮರಿಯನ್ನು ಇಳಿಸಿಕೊಳ್ಳುವುದಿಲ್ಲ. ಮರಿ ಹಂಚಿದವರೇ ಆರು ವಾರ ತುಂಬುವ ದಿನ ಗುರುತಿಟ್ಟುಕೊಂಡು, ಸಿಡುಬಿನ ಲಸಿಕೆ ಮತ್ತು ಐಸಿನ ಡಬ್ಬ ಹಿಡಿದು ಆ ಮನೆಗಳಿಗೆ ಬರಬೇಕು, ಹತ್ತು ದಿನ ಬಿಟ್ಟು ರೆಕ್ಕೆ ನೋಡಲು ಇನ್ನೊಮ್ಮೆ ಬರಬೇಕು. ಅಕ್ಕಂದಿರೇ, ಗಾಡಿ ಬಾಗಿಲಿಗೆ ಬಂದಾಗ 'ಲಸಿಕೆ ಆಗಿದೆಯಾ' ಎಂದು ಕೇಳಿ ಸುಮ್ಮನಾಗಬೇಡಿ. 'ಮಾರೆಕ್ಸ್ ಆಗಿದೆಯಾ, ಯಾವತ್ತು, ಚೀಟಿ ಎಲ್ಲಿ' ಎಂದು ಕೇಳಿ. ಚೀಟಿ ತೋರಿಸದಿದ್ದರೆ ಗಾಡಿಯನ್ನು ಹಿಂದಕ್ಕೆ ಕಳಿಸಿ.